ನಡಿಗೆ, ಬಿಸಿಲು, ಹೊತ್ತಿನ ಊಟ: ಇವುಗಳ ಫಲವೆಷ್ಟು?

ಕಳೆದ ಕಾರ್ತಿಕ ಮಾಸದಲ್ಲಿ ಬನಹಟ್ಟಿಯ ಓರ್ವ ನೇಕಾರನು, ನನ್ನ ಹಳೆಯ ವಿದ್ಯಾರ್ಥಿಯು, ಪತ್ನೀಸಮೇತನಾಗಿ ಜಮಖಂಡಿಯ ನಮ್ಮ ಮನೆಗೆ ಬಂದಿದ್ದನು. ವಯಸ್ಸು ಮೂವತ್ತೆಂಟು, ಮೋರೆಯಲ್ಲಿ ಮಾತ್ರ ಐವತ್ತರ ಬಳಲಿಕೆ. ಕುಶಲಪ್ರಶ್ನೆಯು ಮುಗಿಯುವ ಮೊದಲೇ ಅವನು, “ಗುರುಗಳ, ರಾತ್ರಿ ನಿದ್ದಿ ಹತ್ತೂದಿಲ್ಲರಿ, ಮುಂಜಾನೆ ಎದ್ದರ ಮೈಯಾಗ ಕಸುವಿಲ್ಲ. ಮಗ್ಗದ ಮುಂದ ನಿಂತರೂ ಮನಸ್ಸು ನಿಲ್ಲೂದಿಲ್ಲರಿ” ಎಂದನು. ಬಿಸಿಲು, ವ್ಯಾಯಾಮಗಳಿಂದ ಎಲ್ಲವೂ ಸರಿಹೋಗುವದೆಂದು ಯಾರೋ ಹೇಳಿದ್ದರಂತೆ. ಅದನ್ನು ನಂಬಿ ಅವನು ನಸುಕಿನ ನಾಲ್ಕು ಗಂಟೆಗೆ ಎದ್ದು ಓಡತೊಡಗಿದ್ದನು. ಒಂಬತ್ತನೆಯ ದಿನ ಮೊಣಕಾಲು ಬಾತಿತು, ಓಟವು ನಿಂತಿತು. “ನನ್ನಂಥವಗ ಇದು ನಾಟೂದಿಲ್ಲ ಬಿಡ್ರಿ” ಎಂದು ಅವನು ಕೈಚೆಲ್ಲಿದ್ದನು.

ಔಷಧವು ಸುಳ್ಳಲ್ಲ, ಅದರಿಂದ ಬಯಸಿದ ಫಲವೇ ಅತಿಯಾದುದು ಎಂದು ನನಗೆ ತೋರಿತು. ಆದುದರಿಂದ ಅವನ ದಿನಚರಿಯನ್ನು ಗಂಟೆಗಂಟೆಗೆ ಕೇಳಿ ಕಾಗದದ ಮೇಲೆ ಬರೆದುಕೊಂಡೆನು. ಮುಂಜಾನೆ ಏಳಕ್ಕೆ ಬರಿಯ ಚಹ. ಎಂಟರಿಂದ ರಾತ್ರಿ ಎಂಟರ ವರೆಗೆ ತಗಡಿನ ಮಾಡಿನ ಕೆಳಗೆ ವಿದ್ಯುತ್ ಮಗ್ಗಗಳ ಸದ್ದಿನಲ್ಲಿ ದುಡಿತ. ನಡುವೆ ಐದಾರು ಕಪ್ಪು ಸಕ್ಕರೆಯ ಚಹ, ಅದರಲ್ಲಿ ಕಡೆಯದು ಸಂಜೆ ಏಳಕ್ಕೆ. ಮೊದಲ ರೊಟ್ಟಿಯು ಮಧ್ಯಾಹ್ನ ಎರಡಕ್ಕೆ, ರಾತ್ರಿಯೂಟವು ಹತ್ತೂವರೆಗೆ. ಸೂರ್ಯನ ಮುಖವನ್ನು ಅವನು ವಾರಕ್ಕೊಮ್ಮೆ, ಸಂತೆಯ ದಿನ ಕಾಣುತ್ತಿದ್ದನು.

ಮೊದಲು ಬಿಸಿಲಿನ ವಿಚಾರ. ಉತ್ತರದ ಶೀತದೇಶಗಳಲ್ಲಿ ಚಳಿಗಾಲದ ಹಗಲು ಬಹು ಕಿರಿದಾಗಿ ಕೆಲವರ ಮನಸ್ಸು ಕುಗ್ಗುವದು. ಅಮೇರಿಕೆಯ ನಾರ್ಮನ್ ರೋಸೆಂತಾಲ್ ಮೊದಲಾದ ವೈದ್ಯರು 1984ರಲ್ಲಿ ಈ ವ್ಯಾಧಿಯನ್ನು ವರ್ಣಿಸಿ, ಪ್ರಖರವಾದ ಬೆಳಕಿನಿಂದ ಅದು ಶಮನವಾಗುವದನ್ನು ತೋರಿಸಿದರು. ನಮ್ಮ ಸೀಮೆಯಲ್ಲಾದರೋ ಅತ್ಯಂತ ಕಿರಿಯ ಹಗಲೂ ಸುಮಾರು ಹನ್ನೊಂದು ತಾಸಿನದು. ಇಲ್ಲಿ ಸೂರ್ಯನಿಗೆ ಬರವಿಲ್ಲ. ನಮ್ಮ ನೇಕಾರನಿಗೂ ಸೂರ್ಯನಿಗೂ ನಡುವೆ ಮಾಡು ಒಂದು ಅಡ್ಡವಾಗಿದೆ. ದೀಪದ ಕೆಳಗಿನ ಕೋಣೆಗಿಂತ ಮೋಡ ಕವಿದ ಬಯಲು ಕೂಡ ಹತ್ತಾರು ಪಟ್ಟು ಬೆಳಕುಳ್ಳದ್ದು, ನಮ್ಮ ಕಣ್ಣು ಇದನ್ನು ಅರಿಯಲಾರದಷ್ಟೆ. ಮುಂಜಾನೆಯ ಆ ಬೆಳಕು ಕಣ್ಣಿನ ಮೂಲಕ ಮಿದುಳಿನ ಕಾಲಮಾಪಕವನ್ನು ತಿದ್ದುವದು. ಅದರಿಂದ ರಾತ್ರಿಯ ನಿದ್ರೆಯು ಸ್ವಲ್ಪ ಮುಂಚಿತವಾಗಿ ಬರುವದು. ಇದಕ್ಕೆ ಬಯಲಿನಲ್ಲಿ ಇದ್ದರೆ ಸಾಕು, ಸೂರ್ಯನನ್ನು ದಿಟ್ಟಿಸಿ ನೋಡಲೇಬಾರದು. ನಾಲ್ಕು ಗಂಟೆಯ ಕತ್ತಲೆಯಲ್ಲಿ ಓಡಿದ ಅವನಿಗೆ ಈ ಲಾಭವು ಲೇಶವೂ ದೊರೆತಿರಲಿಲ್ಲ; ಮೇಲಾಗಿ ಇದ್ದ ನಿದ್ರೆಯೂ ಕಡಿಮೆಯಾಗಿತ್ತು. ಎಲುಬಿಗೆ ಬೇಕಾದ ಡಿ ಜೀವಸತ್ವವು ಬೇರೆಯ ಮಾತು. ಅದು ಏರಿದ ಬಿಸಿಲು ತೊಗಲಿಗೆ ತಾಕಿದಾಗ ಹುಟ್ಟತಕ್ಕದ್ದು, ಎಳೆಬಿಸಿಲಿನಿಂದ ಅತ್ಯಲ್ಪ.

ಇನ್ನು ವ್ಯಾಯಾಮ. ನಮ್ಮ ಗರಡಿಮನೆಗಳ ಸೀಮೆಯಲ್ಲಿ ವ್ಯಾಯಾಮವೆಂದರೆ ಬೆವರು ಹರಿಯುವ ತನಕ ಸಾಮು ಎಂದೇ ಬಗೆಯುವರು. ಆದರೆ ಸುಶ್ರುತನು ತನ್ನ ಬಲದ ಅರ್ಧದಷ್ಟನ್ನೇ ವಿಧಿಸಿ, ಉಸಿರು ಬಾಯಿಂದ ಹೊರಡತೊಡಗುವದನ್ನು ಅದರ ಗುರುತೆಂದಿದ್ದಾನೆ. ಇಂದಿನ ವೈದ್ಯರ ಮಾತು ಇದಕ್ಕೆ ದೂರವಲ್ಲ: ಮಾತನಾಡಬಹುದು, ಹಾಡಲಾಗದು, ಅಂಥ ಬಿರುಸಿನ ನಡಿಗೆಯು ವಾರಕ್ಕೆ ನೂರೈವತ್ತು ನಿಮಿಷವಿರಲಿ ಎನ್ನುವರು. ಒಂದು ದಿನದ ನಡಿಗೆಯಿಂದ ಮನಸ್ಸು ಕೆಲವು ತಾಸು ಹಗುರಾಗುವದು. ಮೈಯ ಕಸುವು ಮಾತ್ರ ಅಷ್ಟು ಬೇಗ ಬಾರದು. ಮೊದಲ ಒಂದೆರಡು ವಾರ ದಣಿವೇ ಹೆಚ್ಚಿದಂತೆ ತೋರಬಹುದು. ಬಹುಜನರು ಇಲ್ಲಿಯೇ ಬಿಡುವರು. ನಾಲ್ಕರಿಂದ ಎಂಟು ವಾರಗಳ ನಂತರವೇ ಫಲವನ್ನು ಅಳೆಯತಕ್ಕದ್ದು.

ಊಟದ ವಿಷಯದಲ್ಲಿಯೂ ಮಿತವಾದ ಆಶೆಯೇ ಯುಕ್ತ. ಹೊತ್ತಿಗೆ ಸರಿಯಾದ ಊಟವು ಉಲ್ಲಾಸವನ್ನು ತಂದುಕೊಡದು; ಅದು ಹಸಿವಿನ ಸಿಡುಕನ್ನೂ ನಡುಹಗಲಿನ ಕುಸಿತವನ್ನೂ ತಗ್ಗಿಸುವದು, ಅಷ್ಟೆ. ಮಧ್ಯಾಹ್ನ ಎರಡು-ಮೂರರ ತೂಕಡಿಕೆಯಂತೂ ಉಂಡರೂ ಉಣದಿದ್ದರೂ ಬರುವ ದೇಹಧರ್ಮವು. ಚಹದ ಉತ್ತೇಜಕವಾದರೋ ಐದಾರು ತಾಸು ಕಳೆದ ಮೇಲೂ ಅರ್ಧದಷ್ಟು ಮೈಯಲ್ಲಿ ಉಳಿದಿರುವದು. ಸಂಜೆ ಏಳರ ಕಪ್ಪು ಹಾಸಿಗೆಯ ತನಕ ಬೆನ್ನು ಹತ್ತಿ ಬರುವದೆಂಬುದು ಅವನಿಗೆ ಹೊಳೆದಿರಲಿಲ್ಲ.

ಇದಿಷ್ಟನ್ನು ಹೇಳಿ ಮೂರೇ ಬದಲಾವಣೆಗಳನ್ನು ಬರೆದುಕೊಟ್ಟೆನು. ಬೆಳಕು ಹರಿದ ಮೇಲೆ ಹೊರಟು ಇಪ್ಪತ್ತು ನಿಮಿಷ ಬಯಲಿನಲ್ಲಿ ನಡೆಯುವದು, ಮೊಣಕಾಲು ಬಾತುದು ಇಳಿದ ಮೇಲೆ. ದಿನ ತಪ್ಪಿದರೆ ಮರುದಿನ ಇಮ್ಮಡಿ ಮಾಡದಿರುವದು. ಮಗ್ಗಕ್ಕೆ ಹೋಗುವ ಮುನ್ನ ಒಂದು ಜೋಳದ ರೊಟ್ಟಿ, ಕಾಳುಪಲ್ಯ. ಮಧ್ಯಾಹ್ನ ಒಂದಕ್ಕೂ ರಾತ್ರಿ ಎಂಟೂವರೆಗೂ ಊಟ. ಮಧ್ಯಾಹ್ನ ಮೂರರ ನಂತರ ಚಹವಿಲ್ಲ.

ಎರಡು ತಿಂಗಳ ಮೇಲೆ ದಂಪತಿಗಳು ಪುನಃ ಬಂದರು. ಎರಡನೆಯ ವಾರದಿಂದ ನಿದ್ರೆಯು ಹನ್ನೊಂದರೊಳಗೆ ಬರತೊಡಗಿತ್ತು. ಆರನೆಯ ವಾರದಿಂದ ಸಂಜೆಯ ಪಾಳಿಯಲ್ಲಿ ಮೊದಲಿನ ಬಳಲಿಕೆಯಿಲ್ಲ. ಆದರೆ ಅವನು ತಲೆ ತಗ್ಗಿಸಿ, “ಸಾಲದ ಚಿಂತಿ ಹಂಗ ಐತ್ರಿ” ಎಂದನು. “ಅದು ನಡಿಗೆಯಿಂದ ತೀರತಕ್ಕದ್ದಲ್ಲಪ್ಪ, ನಡಿಗೆಯು ಸಾಲವನ್ನು ತೀರಿಸದು, ಅದನ್ನು ಯೋಚಿಸುವ ತಲೆಗೆ ಒಂದಿಷ್ಟು ವಿಶ್ರಾಂತಿಯನ್ನು ಕೊಡುವದು” ಎಂದೆನು.

ಅವನ ಹೆಂಡತಿಯು ಮಾತ್ರ ಬಾಗಿಲ ಬಳಿ ಗೋಡೆಗೆ ಒರಗಿ ನಿಂತಿದ್ದಳು. ಮನೆಯಲ್ಲಿ ಕಂಡಿಕೆ ಸುತ್ತುವ ಆಕೆಯೂ ಗಂಡನೊಡನೆ ತಪ್ಪದೆ ನಡೆದಿದ್ದಳು, ಹೊತ್ತಿಗೆ ಉಂಡಿದ್ದಳು. ಆದರೂ ಗುಣ ಕಂಡಿರಲಿಲ್ಲ. “ನಾನ ಸೋಮಾರಿ ಇರಬೇಕ್ರಿ” ಎಂದಳು. “ಮಾಳಿಗಿ ಏರಿದರ ಏದುಸಿರು ಬರತೈತೇನವ್ವ?” ಎಂದು ನಮ್ಮ ಮನೆಯವರು ಕೇಳಿದರು, “ಹೌದ್ರಿ” ಎಂದಳು. ಕಣ್ಣಿನ ಕೆಳರೆಪ್ಪೆಯ ಒಳಬದಿಯು ಬಿಳಿಚಿತ್ತು. ಅಂದೇ ವೈದ್ಯರಲ್ಲಿಗೆ ಕಳುಹಿಸಿದೆವು. ಸ್ತ್ರೀಯರಿಗೆ ಹನ್ನೆರಡಕ್ಕೆ ಕಡಿಮೆಯಿರಬಾರದ ಹಿಮೋಗ್ಲೋಬಿನ್ ಆಕೆಗೆ ಎಂಟರ ಆಸುಪಾಸಿನಲ್ಲಿತ್ತು. ಮಾಸಿಕ ಸ್ರಾವವು ಅಧಿಕವಾಗಿದ್ದುದನ್ನು ಆಕೆ ಯಾರಿಗೂ ಹೇಳಿರಲಿಲ್ಲ. ಇಂಥ ಪಾಂಡುರೋಗವು ಬಿಸಿಲಿನಿಂದ ಹೋಗದು. ವೈದ್ಯರು ಕಾರಣಕ್ಕೆ ಚಿಕಿತ್ಸೆಯನ್ನು ಆರಂಭಿಸಿ ಕಬ್ಬಿಣಾಂಶದ ಗುಳಿಗೆಗಳನ್ನು ಕೊಟ್ಟರು. ಚಹವು ಕಬ್ಬಿಣವನ್ನು ಮೈಗೆ ಹತ್ತಗೊಡದಾದುದರಿಂದ ಗುಳಿಗೆಗೂ ಊಟಕ್ಕೂ ಹತ್ತಿರ ಅದನ್ನು ಕುಡಿಯಬಾರದೆಂದರು. ಯುಗಾದಿಯ ಹೊತ್ತಿಗೆ ಆಕೆಯು ತಡೆಯದೆ ಮಾಳಿಗೆ ಏರುತ್ತಿದ್ದಳು. ಆಕೆಯು ಸೋಮಾರಿಯಾಗಿರಲಿಲ್ಲ.

ಆದುದರಿಂದ ವಾಚಕರು ಎರಡು ಮಾತುಗಳನ್ನು ನೆನಪಿನಲ್ಲಿಡತಕ್ಕದ್ದು. ಮೊದಲನೆಯದಾಗಿ, ಈ ಉಪಾಯಗಳು ಒಳಗೆ ಕುಳಿತು ದುಡಿಯುವವರಿಗೆ ಹೇಳಿದವು. ಮುಧೋಳದ ಕಬ್ಬಿನ ಹೊಲದಲ್ಲಿಯೋ ಬೀಳಗಿಯ ಎರೆಭೂಮಿಯಲ್ಲಿಯೋ ಹಗಲೆಲ್ಲ ಬಾಗಿ ದುಡಿಯುವವನಿಗೆ ಬಿಸಿಲಿಗೂ ವ್ಯಾಯಾಮಕ್ಕೂ ಕೊರತೆಯಿಲ್ಲ; ಅವನ ಬಳಲಿಕೆಗೆ ನೆರಳು, ನೀರು, ವಿಶ್ರಾಂತಿಗಳೇ ಬೇಕು. ಮಧುಮೇಹಕ್ಕೆ ಔಷಧ ಕೊಳ್ಳುವವರು ಊಟದ ಹೊತ್ತನ್ನು ಬದಲಿಸುವ ಮುನ್ನ ವೈದ್ಯರನ್ನು ಕೇಳಬೇಕು.

ಎರಡನೆಯದಾಗಿ, ಆರೆಂಟು ವಾರ ನಿಷ್ಠೆಯಿಂದ ನಡೆಸಿದರೂ ಬಳಲಿಕೆ ಹೋಗದಿದ್ದರೆ ತನ್ನನ್ನು ಹಳಿದುಕೊಳ್ಳದೆ ರಕ್ತ, ಥೈರಾಯಿಡ್, ಸಕ್ಕರೆಗಳನ್ನು ಪರೀಕ್ಷಿಸಬೇಕು. ಉಸಿರುಕಟ್ಟು, ಎದೆನೋವುಗಳಿದ್ದರೆ ಅಷ್ಟು ದಿನ ಕಾಯಲೇಬಾರದು. ಎರಡು ವಾರಗಳಿಗೂ ಮಿಕ್ಕಿ ದಿನದ ಬಹುಭಾಗ ಮನಸ್ಸು ಕವಿದು, ಯಾವುದರಲ್ಲಿಯೂ ರುಚಿಯಿಲ್ಲದಾದರೆ ಅದು ವ್ಯಾಧಿಯಿರಬಹುದು. ನಡಿಗೆಯು ಅದಕ್ಕೆ ನೆರವಾದೀತು, ಅದೊಂದೇ ಚಿಕಿತ್ಸೆಯಾಗದು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯು ನಮಗೆ ದೂರವಲ್ಲ. 2022ರಿಂದ ಸರಕಾರದ ಟೆಲಿ-ಮಾನಸ್ ಸೇವೆಯೂ 14416 ಎಂಬ ದೂರವಾಣಿ ಸಂಖ್ಯೆಯಲ್ಲಿ ಹಗಲಿರುಳು ಉಚಿತವಾಗಿ ದೊರೆಯುತ್ತಿದೆ. ಬದುಕೇ ಬೇಡವೆಂಬ ಯೋಚನೆ ಬಂದವರು ವಾರಗಳನ್ನು ಎಣಿಸದೆ ಆ ಕ್ಷಣವೇ ಯಾರೊಡನೆಯಾದರೂ ಮಾತನಾಡಬೇಕು.

ನಮ್ಮ ನೇಕಾರನು ಈಗಲೂ ನಡೆಯುವನು. ಮೊದಲಿನಂತೆ ಅದರಿಂದ ಎಲ್ಲವನ್ನೂ ಬಯಸುವದಿಲ್ಲವಾದುದರಿಂದ ಬಿಟ್ಟಿಲ್ಲ.