ಆಮೆಗಳ ಲೆಕ್ಕದಲ್ಲಿ ತಿರುಗದ ದಿಕ್ಕು

ಒಂದು ತೀರದ ಕಡಲಾಮೆಗಳನ್ನು ಮರಿ, ದೊಡ್ಡವು ಎಂದು ಎರಡೇ ಗುಂಪು ಮಾಡೋಣ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ನಾನೇ ಇಟ್ಟಿದ್ದೇನೆ. ಈ ವರ್ಷ 100 ದೊಡ್ಡ ಆಮೆಗಳಿದ್ದರೆ ಮುಂದಿನ ವರ್ಷ 90 ಮರಿಗಳು ಬರುತ್ತವೆ. 100 ಮರಿಗಳಲ್ಲಿ 10 ಮಾತ್ರ ಬದುಕಿ ದೊಡ್ಡವುಗಳ ಗುಂಪಿಗೆ ಸೇರುತ್ತವೆ. 100 ದೊಡ್ಡವುಗಳಲ್ಲಿ 80 ಉಳಿಯುತ್ತವೆ. ಇಷ್ಟನ್ನು ಎರಡು ಸಾಲಿನಲ್ಲಿ ಬರೆದರೆ ಅದೇ ಮ್ಯಾಟ್ರಿಕ್ಸ್:

```
0    0.9
0.1  0.8
```

ಮರಿಗಳೇ ಇಲ್ಲದೆ 100 ದೊಡ್ಡ ಆಮೆಗಳಿಂದ ಶುರುಮಾಡಿ. ಒಂದು ವರ್ಷಕ್ಕೆ 90 ಮರಿ, 80 ದೊಡ್ಡವು. ಎರಡನೆಯ ವರ್ಷ 72 ಮತ್ತು 73. ಮೂರನೆಯ ವರ್ಷ 65.7 ಮತ್ತು 65.6. ಎರಡು ಗುಂಪುಗಳೂ ಹೆಚ್ಚುಕಡಿಮೆ ಸಮವಾಗಿಬಿಟ್ಟವು. ಅಲ್ಲಿಂದ ಮುಂದೆ ಪ್ರತಿ ವರ್ಷ ಎರಡೂ ಹತ್ತರಲ್ಲೊಂದು ಪಾಲು ಕುಗ್ಗುತ್ತ ಹೋಗುತ್ತವೆ. ಬೇರೆ ಸಂಖ್ಯೆಗಳಿಂದ ಶುರುಮಾಡಿ ನೋಡಿ, ಬಂದು ಸೇರುವುದು ಇಲ್ಲಿಗೇ.

ಹಾಗಾದರೆ ಮೊದಲೇ 100 ಮರಿ, 100 ದೊಡ್ಡವು ಇದ್ದಿದ್ದರೆ? ಮರುವರ್ಷ 90, 90. ಅದರ ಮರುವರ್ಷ 81, 81. ಸಂಖ್ಯೆ ಇಳಿಯಿತು, ಅನುಪಾತ ಕದಲಲಿಲ್ಲ. ಗ್ರಾಫಿನಲ್ಲಿ ಒಂದು ಅಕ್ಷಕ್ಕೆ ಮರಿ, ಇನ್ನೊಂದಕ್ಕೆ ದೊಡ್ಡವು ಎಂದಿಟ್ಟರೆ ಉಳಿದ ಬಾಣಗಳೆಲ್ಲ ತಿರುಗುತ್ತವೆ; ಈ ಬಾಣ ಮಾತ್ರ ಇದ್ದ ದಿಕ್ಕಿನಲ್ಲೇ ಗಿಡ್ಡವಾಗುತ್ತದೆ. ಆ ದಿಕ್ಕೇ ಐಗೆನ್‌ವೆಕ್ಟರ್, ಗಿಡ್ಡವಾಗುವ ಪ್ರಮಾಣ 0.9 ಐಗೆನ್‌ವ್ಯಾಲ್ಯೂ. ಬಾಣದ ಉದ್ದಕ್ಕೆ ಇಲ್ಲಿ ಬೆಲೆಯಿಲ್ಲ, (1, 1) ಎಂದರೂ (100, 100) ಎಂದರೂ ಒಂದೇ.

ಅದನ್ನು ಹುಡುಕುವುದು ಹೇಗೆ? ಎರಡೂ ಗುಂಪು ಒಂದೇ ಪ್ರಮಾಣ λ ದಿಂದ ಬದಲಾಗಬೇಕು ಎಂದು ಪಟ್ಟುಹಿಡಿಯಬೇಕು, ಅಷ್ಟೆ. ದೊಡ್ಡದೊಂದಕ್ಕೆ 0.9/λ ಮರಿಗಳಿದ್ದರೆ ಮೊದಲ ಸಾಲು ಹೊಂದುತ್ತದೆ. ಅದನ್ನು ಎರಡನೆಯ ಸಾಲಿಗೆ ಹಾಕಿದರೆ 0.09/λ + 0.8 = λ, ಅಂದರೆ λ² − 0.8λ − 0.09 = 0. ಪರೀಕ್ಷೆಯಲ್ಲಿ ಡಿಟರ್ಮಿನಂಟನ್ನು ಸೊನ್ನೆಗೆ ಸಮ ಮಾಡಿದಾಗ ಸಿಗುವುದೂ ಈ ಸಮೀಕರಣವೇ. ಉತ್ತರಗಳು ಎರಡು: 0.9 ಮತ್ತು −0.1.

ಎರಡನೆಯದನ್ನು ವಿದ್ಯಾರ್ಥಿಗಳು ಬರೆದು ಬಿಟ್ಟುಬಿಡುತ್ತಾರೆ. ಆದರೆ ಸ್ವಾರಸ್ಯವೆಲ್ಲ ಅಲ್ಲೇ ಇದೆ. ಅದರ ದಿಕ್ಕು (9, −1). ಮೈನಸ್ ಒಂದು ಆಮೆ ಎಲ್ಲೂ ಇಲ್ಲ, ನಿಜ. ಇದು ಆಮೆಗಳ ಗುಂಪಲ್ಲ, ಸ್ಥಿರ ಅನುಪಾತದಿಂದ ನಮ್ಮ ಗುಂಪು ಎಷ್ಟು ವಾಲಿದೆ ಎಂಬುದರ ಅಳತೆ. ನಾವು ಶುರುಮಾಡಿದ (0, 100) ಅನ್ನು ಬಿಡಿಸಿದರೆ ಅದು (1, 1) ರ 90 ಪಾಲು, (9, −1) ರ −10 ಪಾಲು. ಒಂದು ವರ್ಷದಲ್ಲಿ ಮೊದಲನೆಯದು 81 ಆಗುತ್ತದೆ, ಎರಡನೆಯದು ಹತ್ತರಲ್ಲೊಂದಾಗಿ, ಚಿಹ್ನೆ ಬದಲಿಸಿ, 1 ಆಗುತ್ತದೆ. ಕೂಡಿಸಿದರೆ 90 ಮತ್ತು 80, ಮೊದಲು ಬಂದ ಉತ್ತರವೇ. ಮರುವರ್ಷ ವಾಲಿಕೆ ಮತ್ತೆ ಚಿಹ್ನೆ ಬದಲಿಸಿ −0.1. ಅದಕ್ಕೇ ಅಷ್ಟು ಬೇಗ ಎಲ್ಲ ಸಮವಾಯಿತು. ಎರಡನೆಯ ಐಗೆನ್‌ವ್ಯಾಲ್ಯೂ −0.1 ರ ಬದಲು −0.85 ಇದ್ದಿದ್ದರೆ ವಾಲಿಕೆ ವರ್ಷಗಟ್ಟಲೆ ಅತ್ತಿತ್ತ ತೂಗುತ್ತಿತ್ತು.

ಈಗ ಆಮೆಗಳನ್ನು ಉಳಿಸಬೇಕು. ದೊಡ್ಡ ಐಗೆನ್‌ವ್ಯಾಲ್ಯೂ 1 ಕ್ಕೆ ಏರಿದರೆ ಕುಸಿತ ನಿಲ್ಲುತ್ತದೆ. ಗೂಡುಗಳನ್ನು ಕಾದು ಮರಿಗಳನ್ನು ಇಮ್ಮಡಿ ಮಾಡೋಣ: 0.9 ಇದ್ದದ್ದು 1.8. ಆಗ λ ಸುಮಾರು 0.98, ಅಷ್ಟು ಕಷ್ಟಪಟ್ಟರೂ ಇಳಿತ ನಿಲ್ಲಲಿಲ್ಲ. ಅದರ ಬದಲು ನೂರು ದೊಡ್ಡ ಆಮೆಗಳಲ್ಲಿ 80 ರ ಜಾಗದಲ್ಲಿ 91 ಬದುಕುವಂತೆ ಮಾಡಿದರೆ λ ಸರಿಯಾಗಿ 1. ಬೇಕಾದರೆ 9 ಮರಿ, 10 ದೊಡ್ಡವು ಇಟ್ಟು ಗುಣಿಸಿ. ಮರುವರ್ಷವೂ 9 ಮತ್ತು 10 ಬರುತ್ತವೆ.

ಇದು ಬರೀ ಕಾಗದದ ಲೆಕ್ಕವಲ್ಲ. 1987 ರಲ್ಲಿ ಡೆಬೊರಾ ಕ್ರೌಸ್, ಲ್ಯಾರಿ ಕ್ರೌಡರ್, ಹಾಲ್ ಕ್ಯಾಸ್ವೆಲ್ ಅಮೆರಿಕದ ಆಗ್ನೇಯ ಕರಾವಳಿಯ ಲಾಗರ್‌ಹೆಡ್ ಆಮೆಗಳ ಜೀವನವನ್ನು ಏಳು ಹಂತ ಮಾಡಿ ಇಂಥದೇ ಮ್ಯಾಟ್ರಿಕ್ಸ್ ಬರೆದರು. ಅದರ ದೊಡ್ಡ ಐಗೆನ್‌ವ್ಯಾಲ್ಯೂ ಸುಮಾರು 0.95. ಒಂದೊಂದು ಹಂತದ ಬದುಕುಳಿಯುವ ಪ್ರಮಾಣವನ್ನು ಬದಲಿಸಿ ನೋಡಿದಾಗ, ಆ ತನಕ ಗಮನವೆಲ್ಲ ಯಾವುದರ ಮೇಲಿತ್ತೋ ಆ ಮೊಟ್ಟೆಗಳ ರಕ್ಷಣೆಯಿಂದ λ ಮೇಲೇಳುವುದು ಬಹಳ ಕಡಿಮೆ ಎಂದು ಕಂಡಿತು. ಸಮುದ್ರದಲ್ಲಿ ಬೆಳೆಯುತ್ತಿರುವ ಎಳೆ ಆಮೆಗಳನ್ನು ಕಾಪಾಡಿದರೆ ಲಾಭ ಹೆಚ್ಚು. ಅವು ಸಾಯುತ್ತಿದ್ದದ್ದು ಸಿಗಡಿ ಹಿಡಿಯುವ ಟ್ರಾಲ್ ಬಲೆಗಳಲ್ಲಿ ಸಿಕ್ಕಿ, ಉಸಿರುಕಟ್ಟಿ. ಸಿಗಡಿಯನ್ನು ಒಳಗೆ ಬಿಟ್ಟು ಆಮೆಯನ್ನು ಹೊರಗೆ ದಾಟಿಸುವ ಸರಳಿನ ಚೌಕಟ್ಟನ್ನು ಬಲೆಗೆ ಅಳವಡಿಸಬೇಕೆಂಬ ವಾದಕ್ಕೆ ಈ ಲೆಕ್ಕ ದೊಡ್ಡ ಬಲ ಕೊಟ್ಟಿತು.

ಇದಕ್ಕೊಂದು ಮಿತಿಯಿದೆ. ಮ್ಯಾಟ್ರಿಕ್ಸಿನ ಅಂಕಿಗಳು ಪ್ರತಿ ವರ್ಷ ಅವೇ ಇರುತ್ತವೆ ಎಂದು ನಾವು ಹಿಡಿದಿದ್ದೇವೆ. ಚಂಡಮಾರುತ ಬಂದು ಗೂಡುಗಳು ಕೊಚ್ಚಿಹೋದ ವರ್ಷ ಆ 0.9 ಎಲ್ಲಿರುತ್ತದೆ? ತೀರದ ಎಣಿಕೆಯಲ್ಲಿ ಮರಿ–ದೊಡ್ಡವುಗಳ ಅನುಪಾತ ನೆಲೆನಿಲ್ಲದೆ ಏರಿಳಿಯುತ್ತಲೇ ಇದ್ದರೆ, ಒಂದೇ ಮ್ಯಾಟ್ರಿಕ್ಸಿನ ಐಗೆನ್‌ವ್ಯಾಲ್ಯೂವನ್ನು ನಂಬಿ ಮುಂದಿನ ವರ್ಷಗಳನ್ನು ಹೇಳಲಾಗದು.