ಎರಡು ಜಿಬಿ, ಎರಡು ಲೆಕ್ಕ

ರಾತ್ರಿ ಹನ್ನೊಂದು ಐವತ್ತೈದಕ್ಕೆ ಮೆಸೇಜು ಬರುತ್ತದೆ: ಇಂದಿನ 2 ಜಿಬಿ ಪೂರ್ತಿ ಮುಗಿದಿದೆ, ಇನ್ನು ನೆಟ್ ವೇಗ 64 ಕೆಬಿಪಿಎಸ್. ಮರುದಿನ ಬೆಳಿಗ್ಗೆ ಫೋನಿನಲ್ಲಿ ನಿನ್ನೆಯ ಬಳಕೆ ತೆಗೆದು ನೋಡಿದರೆ 1.7 ಜಿಬಿ ಎಂದಿದೆ. ಉಳಿದ 300 ಎಂಬಿಯನ್ನು ಕಂಪನಿ ನುಂಗಿತು ಎಂದು ಸಿಟ್ಟು ಬರುವುದು ಸಹಜ. ಆದರೆ ಈ 300 ಎಂಬಿ ಎಲ್ಲೂ ಹೋಗಿಲ್ಲದಿರಬಹುದು. ಅದು ಅದೇ ಫೋನಿನಲ್ಲಿ, ಇವತ್ತಿನ ಖಾತೆಯಲ್ಲಿ ಕೂತಿರುವ ಸಾಧ್ಯತೆಯೇ ಹೆಚ್ಚು.

ಆಂಡ್ರಾಯ್ಡ್ ಫೋನು ಡೇಟಾ ಬಳಕೆಯನ್ನು ಕ್ಷಣಕ್ಷಣಕ್ಕೂ ಬೇರೆಬೇರೆಯಾಗಿ ಬರೆದಿಡುವುದಿಲ್ಲ. ಒಟ್ಟು ಬಳಕೆಯನ್ನು ಸಾಮಾನ್ಯವಾಗಿ ಒಂದೊಂದು ಗಂಟೆಯ ಕಂತಿಗೆ ಸೇರಿಸುತ್ತದೆ. ಆ ಗಂಟೆಗಳನ್ನು ಅದು ಅಂತರರಾಷ್ಟ್ರೀಯ ಸಮಯದ ಪ್ರಕಾರ ಕತ್ತರಿಸುತ್ತದೆ. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದಿರುವುದರಿಂದ, ನಮ್ಮ ಲೆಕ್ಕದಲ್ಲಿ ಪ್ರತಿ ಕಂತೂ ಅರ್ಧ ಗಂಟೆಗೆ ಶುರುವಾಗಿ ಅರ್ಧ ಗಂಟೆಗೆ ಮುಗಿಯುತ್ತದೆ. ಹಾಗಾಗಿ ರಾತ್ರಿ 11.30ರಿಂದ 12.30ರವರೆಗಿನದು ಒಂದೇ ಕಂತು, ಅದರ ನಟ್ಟನಡುವೆ ಮಧ್ಯರಾತ್ರಿ.

ಈಗ ಆ ದಿನವನ್ನೇ ಬಿಡಿಸಿ ನೋಡೋಣ. ರಾತ್ರಿ ಹನ್ನೊಂದೂವರೆ ತನಕ 1.4 ಜಿಬಿ ಖರ್ಚಾಗಿತ್ತು. ಆಮೇಲಿನ ಇಪ್ಪತ್ತೈದು ನಿಮಿಷದಲ್ಲಿ ಒಂದು ಸಿನಿಮಾ ಇಳಿಸಿಕೊಂಡಿದ್ದರಿಂದ ಇನ್ನೂ 600 ಎಂಬಿ ಹೋಯಿತು. ಕಂಪನಿಯ ಲೆಕ್ಕದಲ್ಲಿ ಎಲ್ಲವೂ ಅದೇ ದಿನದ್ದು, ಒಟ್ಟು 2 ಜಿಬಿ. ಬಳಿಕ ಡೇಟಾ ಆಫ್ ಮಾಡಿ ಮಲಗಿದ್ದಾರೆ. ಫೋನಿಗೆ ಗೊತ್ತಿರುವುದು 11.30–12.30ರ ಕಂತಿನಲ್ಲಿ 600 ಎಂಬಿ ಬಂತು ಎನ್ನುವುದಷ್ಟೇ. ಬೆಳಿಗ್ಗೆ ನಿನ್ನೆಯ ಬಳಕೆ ಎಷ್ಟು ಎಂದು ಕೇಳಿದಾಗ ಅದು ಆ ಕಂತನ್ನು ಸಮಯದ ಪ್ರಮಾಣದಲ್ಲಿ ಪಾಲು ಮಾಡುತ್ತದೆ: ಅರ್ಧ ಗಂಟೆ ನಿನ್ನೆಯದು, ಅರ್ಧ ಗಂಟೆ ಇವತ್ತಿನದು, ಎರಡಕ್ಕೂ 300 ಎಂಬಿ. ನಿನ್ನೆಯ ಬಳಕೆ 1.7 ಜಿಬಿ ಆಯಿತು. ಇವತ್ತು ನೆಟ್ ಆನ್ ಮಾಡುವ ಮೊದಲೇ 300 ಎಂಬಿ ಖರ್ಚಾದಂತೆ ಕಾಣುತ್ತದೆ. ಫೋನ್ ತಯಾರಕರು ತಮ್ಮದೇ ಮೀಟರ್ ಹಾಕಿದ್ದರೆ ಅಂಕಿ ಬೇರೆಯಾಗಬಹುದು, ಆದರೆ ಪತ್ತೆ ಹಚ್ಚುವ ದಾರಿ ಒಂದೇ. ಎರಡು ದಿನದ ಬಳಕೆಯನ್ನು ಕೂಡಿಸಿ ನೋಡಿ. ಕೂಡಿಸಿದಾಗ ಲೆಕ್ಕ ಹೊಂದಿದರೆ ತಕರಾರು ಡೇಟಾದ್ದಲ್ಲ, ದಿನದ ಗಡಿಯದ್ದು.

ಐಫೋನಿನವರಿಗೆ ಇದಕ್ಕಿಂತ ದೊಡ್ಡ ತೊಡಕಿದೆ. ಅಲ್ಲಿ Current Period ಎಂದು ಕಾಣುವ ಅಂಕಿ ದಿನದ್ದೂ ಅಲ್ಲ, ತಿಂಗಳದ್ದೂ ಅಲ್ಲ. ಕೊನೆಯ ಬಾರಿ Reset Statistics ಒತ್ತಿದಾಗಿನಿಂದ ಸೇರುತ್ತ ಬಂದದ್ದು. ಒಮ್ಮೆಯೂ ಒತ್ತದಿದ್ದರೆ ಅದನ್ನು ಯಾವ ಬಿಲ್ಲಿನ ಜೊತೆಗೂ ಹೋಲಿಸಲು ಬರುವುದಿಲ್ಲ.

ದಿನದ ಗಡಿ ಸರಿಹೋದ ಮೇಲೂ ಸ್ವಲ್ಪ ವ್ಯತ್ಯಾಸ ಉಳಿಯುತ್ತದೆ, ಏಕೆಂದರೆ ಎರಡು ಮೀಟರುಗಳು ಎರಡು ಜಾಗದಲ್ಲಿವೆ. ಫೋನು ತನ್ನೊಳಗೆ ಬಂದ, ತನ್ನಿಂದ ಹೊರಟ ಪ್ಯಾಕೆಟ್‌ಗಳನ್ನು ಮಾತ್ರ ಎಣಿಸುತ್ತದೆ. ಕಂಪನಿ ಎಣಿಸುವುದು ತನ್ನ ಜಾಲ ಇಂಟರ್ನೆಟ್ಟಿಗೆ ಕೂಡುವ ಗೇಟ್‌ವೇಯಲ್ಲಿ. ಅದು ನಿಮ್ಮ ಊರಿನ ಟವರ್‌ನಲ್ಲಿಲ್ಲ, ಬೇರೊಂದು ನಗರದಲ್ಲೇ ಇರಬಹುದು. ಬೀದಿಯ ಕೊಳಾಯಿಗೆ ಒಂದು ಮೀಟರು, ಮನೆಯ ನಲ್ಲಿಗೆ ಒಂದು ಮೀಟರು ಇಟ್ಟ ಹಾಗೆ. ನಡುವೆ ಸೋರಿದ್ದು ಬೀದಿಯ ಮೀಟರಿನಲ್ಲಿ ಮಾತ್ರ ದಾಖಲಾಗುತ್ತದೆ.

ಈ ಸೋರಿಕೆಯ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ. ಸಿಗ್ನಲ್ ದುರ್ಬಲವಾದಾಗ ಟವರ್ ಮತ್ತು ಫೋನಿನ ನಡುವೆ ಒಂದೇ ತುಣುಕು ಎರಡು ಮೂರು ಸಲ ಹೋಗುತ್ತದೆ, ನಿಜ. ಆದರೆ ಅದು ಗೇಟ್‌ವೇ ದಾಟಿದ ಮೇಲಿನ ಕೆಲಸವಾದ್ದರಿಂದ ಅದಕ್ಕೆ ಮತ್ತೆ ಲೆಕ್ಕ ಬೀಳುವುದಿಲ್ಲ. ಲೆಕ್ಕ ಬೀಳುವುದು ಟವರ್ ಕೂಡ ಕೈಚೆಲ್ಲಿದಾಗ. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಘಾಟಿ ಇಳಿಯುವ ರೈಲಿನಲ್ಲಿ ವಿಡಿಯೋ ನೋಡುತ್ತಿದ್ದೀರಿ ಎನ್ನಿ. ರೈಲು ಸುರಂಗ ಹೊಕ್ಕಿತು, ಸಿಗ್ನಲ್ ಹೋಯಿತು. ಆಗಲೇ ಗೇಟ್‌ವೇ ದಾಟಿ ಟವರಿನಲ್ಲಿ ಕಾಯುತ್ತಿದ್ದ ಪ್ಯಾಕೆಟ್‌ಗಳು ಬಿದ್ದುಹೋದವು. ಸುರಂಗ ಮುಗಿದ ಮೇಲೆ ವಿಡಿಯೋದ ಸರ್ವರ್ ಅವನ್ನೇ ಮತ್ತೆ ಕಳಿಸುತ್ತದೆ, ಗೇಟ್‌ವೇ ಮತ್ತೆ ಎಣಿಸುತ್ತದೆ. ಫೋನಿಗೆ ತಲುಪಿದ್ದು ಒಂದು ಸಲ, ಕಂಪನಿಯ ದಾಖಲೆಯಲ್ಲಿ ಎರಡು ಸಲ. ನೂರರಲ್ಲಿ ನಾಲ್ಕು ಪ್ಯಾಕೆಟ್ ಹೀಗೆ ಬಿದ್ದರೆ, 500 ಎಂಬಿ ವಿಡಿಯೋಗೆ ಕಂಪನಿಯ ಮೀಟರು ಸುಮಾರು 520 ತೋರಿಸುತ್ತದೆ. ಮನೆಯಲ್ಲಿ ಕೂತು ಒಳ್ಳೆಯ ಸಿಗ್ನಲ್‌ನಲ್ಲಿ ನೋಡಿದರೆ ಈ ವ್ಯತ್ಯಾಸ ಕಣ್ಣಿಗೆ ಬೀಳದಷ್ಟು ಚಿಕ್ಕದು.

ಇನ್ನೊಂದು ಕಾರಣ ಬರೀ ಗಣಿತದ್ದು. 1 ಜಿಬಿ ಎಂದರೆ ಕೆಲವು ಕಡೆ 1000 ಎಂಬಿ, ಕೆಲವು ಕಡೆ 1024. ಕೆಬಿ, ಎಂಬಿ, ಜಿಬಿ ಎಂದು ಮೂರು ಮೆಟ್ಟಿಲಲ್ಲೂ ಇದು ಸೇರುವುದರಿಂದ ಕೊನೆಗೆ ಸುಮಾರು ಶೇಕಡಾ 7ರಷ್ಟು ಅಂತರವಾಗುತ್ತದೆ. ವ್ಯತ್ಯಾಸ ಪ್ರತಿದಿನವೂ ಸರಿಯಾಗಿ ಅಷ್ಟೇ ಬರುತ್ತಿದ್ದರೆ ಇದನ್ನೇ ಅನುಮಾನಿಸಿ.

ಹಾಗಾದರೆ ಯಾವ ಲೆಕ್ಕ ನಡೆಯುತ್ತದೆ? ಕಂಪನಿಯದ್ದೇ. ಫೋನಿನ ಲೆಕ್ಕವನ್ನು ಯಾರು ಬೇಕಾದರೂ ಅಳಿಸಬಹುದು, ಸಿಮ್ ತೆಗೆದು ಇನ್ನೊಂದು ಫೋನಿಗೆ ಹಾಕಿದರೆ ಅಲ್ಲಿನ ಬಳಕೆ ಹಳೆಯ ಫೋನಿಗೆ ಗೊತ್ತೇ ಆಗುವುದಿಲ್ಲ. ಕಂಪನಿಯ ಮೀಟರಿನ ಮೇಲೆ ನಿಗಾ ಇಡಲು ವ್ಯವಸ್ಥೆಯೂ ಇದೆ. ಟ್ರಾಯ್ 2006ರಲ್ಲಿ ಮೀಟರಿಂಗ್ ಮತ್ತು ಬಿಲ್ಲಿಂಗ್ ನಿಖರತೆಗೆ ನಿಯಮ ತಂದು, 2023ರಲ್ಲಿ ಹೊಸದಾಗಿ ರೂಪಿಸಿತು. ಅದರ ಪ್ರಕಾರ ಕಂಪನಿಗಳ ಲೆಕ್ಕವನ್ನು ಆಡಿಟರುಗಳು ಪರಿಶೀಲಿಸುತ್ತಾರೆ. ನನಗೆ ಇದು ಅರ್ಧ ಸಮಾಧಾನ. ಎಷ್ಟು ಹೊತ್ತಿಗೆ ಎಷ್ಟು ಡೇಟಾ ಹೋಯಿತು ಎನ್ನುವ ದಾಖಲೆ ಕಂಪನಿಯ ಬಳಿ ಇರುತ್ತದೆ, ಗ್ರಾಹಕನಿಗೆ ಬರುವುದು ಮುಗಿಯಿತು ಎನ್ನುವ ಮೆಸೇಜು. ಗಂಟೆವಾರು ಬಳಕೆಯನ್ನು ಕಂಪನಿಯ ಆ್ಯಪ್‌ನಲ್ಲೇ ತೋರಿಸಿದರೆ ಜಗಳಗಳಲ್ಲಿ ಎಷ್ಟೋ ಹುಟ್ಟುವುದೇ ಇಲ್ಲ.

ನಿಮ್ಮ ಅನುಮಾನ ನಿಜವೇ ಎಂದು ತಿಳಿಯಲು ಒಂದು ಹಗಲು ಸಾಕು. ಮಧ್ಯರಾತ್ರಿಯಿಂದ ದೂರವಿರುವ ಹೊತ್ತನ್ನು ಆರಿಸಿ, ಬೆಳಿಗ್ಗೆ 10.30ರಿಂದ ಸಂಜೆ 5.30 ಅನುಕೂಲ, ಏಕೆಂದರೆ ಫೋನಿನ ಕಂತೂ ಅಲ್ಲೇ ಮುರಿಯುತ್ತದೆ. ಶುರುವಿನಲ್ಲಿ ಮತ್ತು ಕೊನೆಯಲ್ಲಿ ಕಂಪನಿಯ ಆ್ಯಪ್‌ನ ಬ್ಯಾಲೆನ್ಸ್, ಫೋನಿನ ಅಂಕಿ ಎರಡರ ಸ್ಕ್ರೀನ್‌ಶಾಟ್ ತೆಗೆದಿಡಿ. ಎರಡು ಸಿಮ್ ಇದ್ದರೆ ಡೇಟಾ ಬಳಸುವ ಸಿಮ್ಮಿನ ಲೆಕ್ಕವನ್ನೇ ನೋಡಬೇಕು. ಪ್ರತಿ ಸಲವೂ ಡೇಟಾ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಬ್ಯಾಲೆನ್ಸ್ ನೋಡುವುದು ಮುಖ್ಯ. ಪ್ರೀಪೇಯ್ಡ್ ಬ್ಯಾಲೆನ್ಸನ್ನು ಗೇಟ್‌ವೇ ಹನಿಹನಿಯಾಗಿ ಕಳೆಯುವುದಿಲ್ಲ. ಇಷ್ಟು ಎಂಬಿ ಎಂದು ಒಂದು ತುಂಡನ್ನು ಮೊದಲೇ ಕಾದಿರಿಸಿಕೊಂಡು, ಅದು ಮುಗಿದಾಗ ಅಥವಾ ಸಂಪರ್ಕ ಕಡಿದಾಗ ಲೆಕ್ಕ ಒಪ್ಪಿಸುತ್ತದೆ. ಹಾಗಾಗಿ ನೆಟ್ ಓಡುತ್ತಿರುವಾಗ ಕಾಣುವ ಬ್ಯಾಲೆನ್ಸ್ ಹಿಂದೆ ಮುಂದೆ ಇರುತ್ತದೆ.

ಅಂತರ ಶೇಕಡಾ ನಾಲ್ಕೈದರೊಳಗಿದ್ದರೆ ಮೇಲಿನ ಕಾರಣಗಳೇ ಸಾಕು. ಅದಕ್ಕಿಂತ ಬಹಳ ದೊಡ್ಡದಿದ್ದರೆ, ಅಥವಾ ಡೇಟಾ ಇಡೀ ದಿನ ಆಫ್ ಇದ್ದಾಗಲೂ ಬ್ಯಾಲೆನ್ಸ್ ಕರಗಿದರೆ, ಆ ಸ್ಕ್ರೀನ್‌ಶಾಟ್‌ಗಳು ಕೆಲಸಕ್ಕೆ ಬರುತ್ತವೆ. ಗ್ರಾಹಕ ಸೇವೆಗೆ ದೂರು ಕೊಟ್ಟು ಡಾಕೆಟ್ ನಂಬರ್ ಪಡೆಯಿರಿ. ಫೋನು ಹೀಗೆ ಹೇಳುತ್ತದೆ ಎಂದಷ್ಟೇ ವಾದಿಸಬೇಡಿ, ಇಂಥ ದಿನ ಇಂಥ ಹೊತ್ತಿನ ನಡುವಿನ ಬಳಕೆಯ ವಿವರ ಬೇಕು ಎಂದು ಕೇಳಿ. ಪ್ರೀಪೇಯ್ಡ್ ಗ್ರಾಹಕರೂ ಬಳಕೆಯ ವಿವರವಾದ ಪಟ್ಟಿಯನ್ನು ಶುಲ್ಕ ಕೊಟ್ಟು ಕೇಳಬಹುದು. ಉತ್ತರ ಒಪ್ಪಿಗೆಯಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಡಾಕೆಟ್ ನಂಬರ್ ಸಹಿತ ಬರೆಯಬೇಕು, ಅದಕ್ಕೆ ಶುಲ್ಕವಿಲ್ಲ. ನೇರವಾಗಿ ಟ್ರಾಯ್‌ಗೆ ಬರೆದು ಕಾಯಬೇಡಿ, ಒಬ್ಬೊಬ್ಬ ಗ್ರಾಹಕರ ದೂರನ್ನು ಅದು ವಿಚಾರಣೆ ಮಾಡುವುದಿಲ್ಲ.