ಹ್ಯಾಶ್ ಸರಿಯಿದೆ, ಮುದ್ದೆಮಾಲು ಕೆಟ್ಟಿದೆ

ಡಿಜಿಟಲ್ ಫೊರೆನ್ಸಿಕ್ಸ್ ಕಲಿಯುವವರಿಗೆ ಮೊದಮೊದಲು ಕೊಡುವ ಲ್ಯಾಬ್ ಕೆಲಸ ಸಾಮಾನ್ಯವಾಗಿ ಒಂದೇ ಬಗೆಯದು. ಮೇಷ್ಟ್ರು 8 ಜಿಬಿ ಪೆನ್‌ಡ್ರೈವ್ ಒಂದರಲ್ಲಿ ಕೆಲವು ಫೈಲುಗಳನ್ನು ಹಾಕುತ್ತಾರೆ, ಕೆಲವನ್ನು ಅಳಿಸುತ್ತಾರೆ, ಲಕೋಟೆಯೊಳಗಿಟ್ಟು ಸೀಲು ಮಾಡಿ ನಾಲ್ಕೈದು ಜನರ ತಂಡಕ್ಕೆ ಒಪ್ಪಿಸುತ್ತಾರೆ. ಜೊತೆಗೊಂದು ಕಲ್ಪಿತ ಕಥೆ: ಕಂಪನಿಯ ಟೆಂಡರ್ ದರಪಟ್ಟಿ ಹೊರಗೆ ಹೋಗಿದೆ, ನೌಕರನ ಈ ಪೆನ್‌ಡ್ರೈವ್‌ನಲ್ಲಿ ಅದು ಇತ್ತೇ? ಹುಡುಗರಿಗೆ ಅಳಿಸಿದ ಫೈಲನ್ನು ಎತ್ತಿ ತೋರಿಸುವ ಆತುರ. ಅದು ಅಂಥ ಕಷ್ಟದ ಕೆಲಸವೇನಲ್ಲ, ಉಚಿತ ಸಾಫ್ಟ್‌ವೇರ್‌ಗಳು ಮಾಡಿಕೊಡುತ್ತವೆ. ತಂಡಗಳು ಎಡವುವುದು ಲಕೋಟೆಯ ಜೊತೆ ಬಂದ ಎರಡು ಹಾಳೆಗಳಲ್ಲಿ.

ಒಂದು ಹಾಳೆ ವಸ್ತುವಿನ ವಿವರದ್ದು. ತಯಾರಕರ ಹೆಸರು, ಮೈಮೇಲಿನ ಸಂಖ್ಯೆ, ಬಣ್ಣ, ಎಲ್ಲಿ ಸವೆದಿದೆ, ಲಕೋಟೆಯ ಸೀಲು ಹೇಗಿತ್ತು. ಪೊಲೀಸರು ಪಂಚರ ಮುಂದೆ ಬರೆಯುವ ಮಹಜರಿನಲ್ಲಿ ಇರುವುದೂ ಹೆಚ್ಚುಕಡಿಮೆ ಇದೇ. ಇನ್ನೊಂದು ಹಾಳೆ ಕೈಬದಲಾವಣೆಯದು: ಯಾರು ಕೊಟ್ಟರು, ಯಾರು ಪಡೆದರು, ಎಷ್ಟು ಗಂಟೆಗೆ, ಏತಕ್ಕೆ, ಆಗ ಸೀಲು ಯಾವ ಸ್ಥಿತಿಯಲ್ಲಿತ್ತು. ಪ್ರತಿ ಸಾಲಿಗೂ ಕೊಟ್ಟವರ ಮತ್ತು ಪಡೆದವರ ಎರಡು ಸಹಿ ಬೇಕು. ತಪ್ಪು ಬರೆದರೆ ಬಿಳಿ ಬಣ್ಣ ಬಳಿಯುವಂತಿಲ್ಲ. ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಕಿರುಸಹಿ ಹಾಕಬೇಕು. ಇದನ್ನು ಎಕ್ಸೆಲ್‌ನಲ್ಲಿ ಇಡಬಾರದೇಕೆ ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಬರೆದದ್ದನ್ನು ಸಂಜೆ ಗುರುತೇ ಸಿಗದಂತೆ ತಿದ್ದಬಹುದು ಎಂಬುದೇ ಅದರ ತೊಂದರೆ.

ಈಗ ಒಂದು ತಂಡದ ಹಾಳೆಯನ್ನು ಉದಾಹರಣೆಯಾಗಿ ನೋಡೋಣ. 10:40ಕ್ಕೆ ಲಕೋಟೆ ಕೈಸೇರಿತು, ಸೀಲು ಸರಿಯಿತ್ತು. 11:45ಕ್ಕೆ ಸೀಲು ಒಡೆದು ಪೆನ್‌ಡ್ರೈವನ್ನು ಲಿನಕ್ಸ್ ಯಂತ್ರಕ್ಕೆ ಜೋಡಿಸಲಾಯಿತು. ಪೆನ್‌ಡ್ರೈವ್‌ಗೆ ಏನೂ ಬರೆಯಲಾಗದಂತೆ ತಡೆಯುವ ರೈಟ್ ಬ್ಲಾಕರ್ ಎಂಬ ಉಪಕರಣ ಇದೆ, ಆದರೆ ದುಬಾರಿ. ಅದಿಲ್ಲದ ಲ್ಯಾಬ್‌ಗಳಲ್ಲಿ ಮೊದಲು ಯಂತ್ರವು ಡ್ರೈವನ್ನು ತಾನಾಗಿಯೇ ತೆರೆಯುವ ಸೌಲಭ್ಯವನ್ನು ಆರಿಸಿ, ಆಮೇಲೆ ಹೀಗೆ ಮಾಡುತ್ತಾರೆ:

```
blockdev --setro /dev/sdb
dc3dd if=/dev/sdb hof=m1.dd hash=sha256 log=m1.log
```

ಮೊದಲ ಸಾಲು ಡ್ರೈವನ್ನು ಓದಲು ಮಾತ್ರ ಬಿಡುತ್ತದೆ. ಎರಡನೆಯದು ಅದರ ಪ್ರತಿಯೊಂದು ಬೈಟನ್ನೂ, ಖಾಲಿ ಎಂದು ಕಾಣುವ ಜಾಗವನ್ನೂ ಸೇರಿಸಿ, `m1.dd` ಎಂಬ ಫೈಲಿಗೆ ನಕಲು ಮಾಡುತ್ತದೆ. ಜೊತೆಗೆ ಮೂಲಕ್ಕೂ ನಕಲಿಗೂ SHA-256 ಹ್ಯಾಶ್ ಲೆಕ್ಕ ಹಾಕಿ ಹೋಲಿಸುತ್ತದೆ. ಹ್ಯಾಶ್ ಎಂದರೆ ಇಡೀ ಮಾಹಿತಿಯಿಂದ ಗಣಿತದ ಮೂಲಕ ಪಡೆದ 64 ಅಕ್ಷರ-ಅಂಕಿಗಳ ಗುರುತು. 8 ಜಿಬಿಯಲ್ಲಿ ಒಂದೇ ಒಂದು ಬಿಟ್ ಬದಲಾದರೂ ಗುರುತು ಪೂರಾ ಬೇರೆಯಾಗುತ್ತದೆ. ನಮ್ಮ ತಂಡದ ಮೂಲ ಮತ್ತು ನಕಲಿನ ಹ್ಯಾಶ್ ಒಂದೇ ಬಂತು, ಹಾಳೆಯಲ್ಲಿ ಬರೆದರು, ಸಹಿ ಹಾಕಿದರು. ಎಲ್ಲ ಅಚ್ಚುಕಟ್ಟು.

ಆದರೆ ಸೀಲು ಮಾಡುವ ಮುಂಚೆ ಮೇಷ್ಟ್ರು ತಾವೇ ತೆಗೆದು ಬೀರುವಿನಲ್ಲಿಟ್ಟುಕೊಂಡಿದ್ದ ಹ್ಯಾಶ್ ಬೇರೆ!

ನಕಲನ್ನು ತೆರೆದರೆ ಕಾರಣ ಕಣ್ಣಿಗೆ ಬೀಳುತ್ತದೆ. ಅದರಲ್ಲಿ `System Volume Information` ಎಂಬ ಫೋಲ್ಡರು, ಒಳಗೆ `WPSettings.dat`, `IndexerVolumeGuid` ಎಂಬ ಎರಡು ಪುಟ್ಟ ಫೈಲು ಇವೆ. ಇವನ್ನು ಯಾವ ಮನುಷ್ಯನೂ ಬರೆದಿಲ್ಲ. ಪೆನ್‌ಡ್ರೈವ್ ಚುಚ್ಚಿದಾಗ ಈಗಿನ ವಿಂಡೋಸ್ ತಾನಾಗಿಯೇ ಹೀಗೆ ಬರೆದುಕೊಳ್ಳುತ್ತದೆ. ಫೋಲ್ಡರು ಹುಟ್ಟಿದ ಸಮಯ 11:22. ಅಂದರೆ ಸೀಲು ಒಡೆಯಿತೆಂದು ಹಾಳೆ ಹೇಳುವುದಕ್ಕಿಂತ ಇಪ್ಪತ್ಮೂರು ನಿಮಿಷ ಮೊದಲೇ ತಂಡದ ಯಾರೋ 'ಒಳಗೇನಿದೆ ನೋಡೋಣ' ಎಂದು ತಮ್ಮ ಲ್ಯಾಪ್‌ಟಾಪಿಗೆ ಚುಚ್ಚಿದ್ದಾರೆ. ಹಾಳೆಯಲ್ಲಿ ಆ ಸಾಲೇ ಇಲ್ಲ.

ಅಷ್ಟಕ್ಕೇನು, ನೂರು ಬೈಟಿನ ಮಾತು ಎನ್ನಬಹುದು. ಫೈಲು ಎಷ್ಟೇ ಚಿಕ್ಕದಿರಲಿ, ಅದಕ್ಕೆ ಡ್ರೈವ್‌ನಲ್ಲಿ ಒಂದು ಹೊಸ ಜಾಗ ಬೇಕು. ಆ ಜಾಗವನ್ನು ಕೊಡುವುದು 'ಖಾಲಿ' ಪಟ್ಟಿಯಿಂದ, ಅಳಿಸಿದ ಫೈಲು ಬಿದ್ದಿರುವುದೂ ಅಲ್ಲೇ. ಹುಡುಕುತ್ತಿದ್ದ ದರಪಟ್ಟಿಯ ಒಂದು ತುಂಡಿನ ಮೇಲೇ ಇದು ಕೂತಿರಬಹುದು.

ಹ್ಯಾಶಿನ ಮಿತಿ ಇಲ್ಲಿದೆ. ತೆಗೆದ ಕ್ಷಣದಿಂದ ಮುಂದೆ ಏನೂ ಬದಲಾಗಿಲ್ಲ ಎಂದು ಅದು ಹೇಳಬಲ್ಲದು. ತೆಗೆಯುವ ಮುಂಚೆ ಏನಾಯಿತು ಎಂಬುದು ಅದಕ್ಕೆ ಗೊತ್ತಿಲ್ಲ. ಯಾರು ಮುಟ್ಟಿದರು ಎಂಬುದಂತೂ ಯಾವಾಗಲೂ ಗೊತ್ತಿಲ್ಲ. ಆ ಕಂದರವನ್ನು ಮುಚ್ಚುವುದು ಕೈಬರಹದ ಹಾಳೆ ಮಾತ್ರ.

ಒಳ್ಳೆಯ ಮೇಷ್ಟ್ರು ಈ ಹಂತದಲ್ಲಿ ಬೇರೆ ತಂಡದ ಒಬ್ಬ ವಿದ್ಯಾರ್ಥಿಯನ್ನು ಆರೋಪಿಯ ವಕೀಲನನ್ನಾಗಿ ಮಾಡಿ, ಬರೀ ಹಾಳೆ ಕೈಗೆ ಕೊಟ್ಟು ಪಾಟಿ ಸವಾಲಿಗೆ ಬಿಡುತ್ತಾರೆ. 'ಸ್ವಾಮಿ, 11:22 ಅಂದರೆ ಯಾವ ಗಡಿಯಾರದ 11:22?' ಎನ್ನುವುದು ನ್ಯಾಯವಾದ ಪ್ರಶ್ನೆಯೇ. ಪೆನ್‌ಡ್ರೈವ್‌ಗಳಲ್ಲಿ ಬಳಸುವ FAT32 ಪದ್ಧತಿ ಚುಚ್ಚಿದ ಯಂತ್ರದ ಸ್ಥಳೀಯ ಸಮಯವನ್ನೇ ಬರೆದಿಡುತ್ತದೆ, ಯಾವ ದೇಶದ ಸಮಯ ಎಂಬ ಗುರುತೂ ಇರುವುದಿಲ್ಲ. ಲ್ಯಾಪ್‌ಟಾಪಿನ ಗಡಿಯಾರ ನಾಲ್ಕು ನಿಮಿಷ ಮುಂದಿದ್ದರೆ ನಿಜವಾದ ಸಮಯ 11:18. ಅದೇ ಅರ್ಧ ಗಂಟೆ ಹಿಂದಿದ್ದರೆ 11:52, ಆಗ ಚುಚ್ಚಿದ್ದು ಸೀಲು ಒಡೆದ ಮೇಲೆ ಎಂದು ವಾದಿಸಬಹುದು. ಆದ್ದರಿಂದಲೇ ಬಳಸಿದ ಪ್ರತಿ ಯಂತ್ರದ ಗಡಿಯಾರವನ್ನೂ ಮೊಬೈಲಿನ ಸಮಯದ ಜೊತೆ ಹೋಲಿಸಿ ವ್ಯತ್ಯಾಸ ಬರೆಯಬೇಕೆನ್ನುವುದು. ಬಹುತೇಕ ಹಾಳೆಗಳಲ್ಲಿ ಈ ಕಲಮು ಖಾಲಿ.

ವಕೀಲನ ಮುಂದಿನ ಪ್ರಶ್ನೆ ಊಟದ ಹೊತ್ತಿನದು. 1:10ರಿಂದ 2:05ರವರೆಗೆ ಪೆನ್‌ಡ್ರೈವ್ ಎಲ್ಲಿತ್ತು? 'ಮೇಜಿನ ಮೇಲೇ ಇತ್ತು, ಯಾರೂ ಮುಟ್ಟಲಿಲ್ಲ' ಎಂಬುದು ಉತ್ತರವಲ್ಲ. ಬೀರುವಿಗೆ ಹಾಕಿದ್ದು, ಬೀಗದ ಕೈ ಹಿಡಿದವರು, ತೆಗೆದದ್ದು, ಇಷ್ಟೂ ಸಹಿ ಸಮೇತ ಇರಬೇಕು.

ಹ್ಯಾಶ್ ಹೊಂದದ ಮಾತ್ರಕ್ಕೆ ಯಾರೋ ತಿದ್ದಿದರು ಎಂದೂ ಅಲ್ಲ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಓದಲಾಗದ ಭಾಗಗಳಿದ್ದರೆ ನಕಲಿನಲ್ಲಿ ಅಲ್ಲಿ ಸೊನ್ನೆ ತುಂಬುತ್ತದೆ, ಮರುದಿನ ಅದೇ ಭಾಗ ಓದಿಸಿಕೊಂಡರೆ ಹ್ಯಾಶ್ ಬದಲಾಗುತ್ತದೆ. ಎಸ್‌ಎಸ್‌ಡಿಯಂತೂ ಕರೆಂಟು ಸಿಕ್ಕರೆ ಸಾಕು, ರೈಟ್ ಬ್ಲಾಕರ್ ಇದ್ದರೂ ಅಳಿಸಿದ ಮಾಹಿತಿಯನ್ನು ತಾನೇ ಒಳಗೊಳಗೆ ಗುಡಿಸಿಕೊಳ್ಳಬಲ್ಲದು. ಅಂಥ ಸಂದರ್ಭದಲ್ಲಿ ಯಾವ ಸೆಕ್ಟರ್, ಯಾವ ಹೊತ್ತು, ಎಷ್ಟನೇ ಓದು ಎಂದು ಆಗಲೇ ಬರೆದಿಟ್ಟ ಟಿಪ್ಪಣಿ ಕಾಪಾಡುತ್ತದೆ. ಆಮೇಲೆ ನೆನಪಿನಿಂದ ಬರೆದದ್ದು ಅಷ್ಟು ಕಾಪಾಡದು.

ನಮ್ಮ ತಂಡ ಏನು ಮಾಡಬೇಕಿತ್ತು? 11:22ಕ್ಕೆ ಚುಚ್ಚಿದ ತಕ್ಷಣ ಹೊರತೆಗೆದು, ಯಾರು, ಯಾವ ಯಂತ್ರಕ್ಕೆ, ಎಷ್ಟು ಹೊತ್ತು ಎಂದು ಒಂದು ಸಾಲು ಬರೆದಿದ್ದರೆ ಆ ಫೋಲ್ಡರಿಗೆ ವಿವರಣೆ ಸಿಗುತ್ತಿತ್ತು, ಉಳಿದ ಸಾಕ್ಷ್ಯ ನಿಲ್ಲುತ್ತಿತ್ತು. ಬಚ್ಚಿಟ್ಟದ್ದರಿಂದ ಇಡೀ ಹಾಳೆಯೇ ಅನುಮಾನಕ್ಕೆ ಬಿತ್ತು. ನಾನಾದರೆ ದರಪಟ್ಟಿ ಸಿಕ್ಕರೂ ಈ ತಂಡಕ್ಕೆ ಪಾಸಾಗುವಷ್ಟು ಅಂಕ ಕೊಡುವುದಿಲ್ಲ.

ಇದು ಬರೀ ಲ್ಯಾಬಿನ ಶಿಸ್ತೂ ಅಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಕೊಡುವ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯವನ್ನೂ ಅದನ್ನು ಯಾವ ವಿಧಾನದಿಂದ ಪಡೆದರೆಂಬುದನ್ನೂ ಬರೆಯಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 193ನೇ ಕಲಮಿನ ಪ್ರಕಾರ, ತನಿಖೆ ಮುಗಿಸಿ ಪೊಲೀಸರು ಸಲ್ಲಿಸುವ ವರದಿಯಲ್ಲಿ ಎಲೆಕ್ಟ್ರಾನಿಕ್ ಸಾಧನವು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ಸರಣಿಯೂ ಇರಬೇಕು.